ಉಪ್ಪಿನ ಪ್ಯಾಕೆಟ್ ಮೇಲಿನ ‘ಸಯನೈಡ್’ ವದಂತಿಗೆ ಯಾವ ಅಡಿಬರಹ ಬರೆಯಬೇಕು?

ಪ್ರಶ್ನೆ: ಸರ್, ನಾವು ಉತ್ತರ ಕನ್ನಡದ ಕರಾವಳಿಯಲ್ಲಿ ಅಯೋಡಿನ್ ಉಪ್ಪು ಪ್ಯಾಕ್ ಮಾಡುವ ಸಣ್ಣ ಘಟಕ ನಡೆಸುತ್ತಿದ್ದೇವೆ. ಪುಡಿ ಉಪ್ಪು, ಹರಳುಪ್ಪು ಎರಡೂ ಇವೆ. ಪುಡಿ ಉಪ್ಪಿನ ಪ್ಯಾಕೆಟ್ ಹಿಂಬದಿಯಲ್ಲಿರುವ ‘ಐಎನ್‌ಎಸ್ 536’ ಎಂಬುದಕ್ಕೆ ಕೆಂಪು ವೃತ್ತ ಹಾಕಿ ‘ಇದು ಸಯನೈಡ್, ನಿಧಾನ ವಿಷ’ ಎಂದು ಬರೆದ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಅಂಗಡಿಯವರು ಮಾಲು ವಾಪಸ್ ಕಳಿಸುತ್ತಿದ್ದಾರೆ. ನಮ್ಮ ಪುಟದಲ್ಲಿ ಒಂದು ಫೋಟೊ ಹಾಕಿ ಕೆಳಗೆ ಕ್ಯಾಪ್ಷನ್ ಬರೆಯಬೇಕು. ಕಳೆದ ವರ್ಷದ ಲ್ಯಾಬ್ ವರದಿ ಇದೆ. ‘ನಮ್ಮ ಉಪ್ಪು ಶೇ 100ರಷ್ಟು ಸುರಕ್ಷಿತ, ಸುಳ್ಳು ನಂಬಬೇಡಿ’ ಎಂದರೆ ಸಾಕೇ? ಹರಳುಪ್ಪಿಗೆ 536 ಹಾಕುವುದಿಲ್ಲವಾದ್ದರಿಂದ ‘ನಮ್ಮ ಹರಳುಪ್ಪು ಸಯನೈಡ್ ಮುಕ್ತ’ ಎನ್ನಬಹುದೇ?

ಉತ್ತರ: ಈ ಎರಡು ವಾಕ್ಯಗಳಲ್ಲಿ ಒಂದನ್ನೂ ಬರೆಯಬೇಡಿ. ಮೊದಲನೆಯದು ನಿಮ್ಮನ್ನು ನಂಬಿ ಎಂದು ಕೇಳುತ್ತದೆಯೇ ಹೊರತು, ಓದುವವರು ತಾವೇ ಪರೀಕ್ಷಿಸಿ ನೋಡಬಹುದಾದ ಯಾವುದನ್ನೂ ಅವರ ಕೈಗೆ ಕೊಡುವುದಿಲ್ಲ. ಎರಡನೆಯದು ಇನ್ನೂ ಹೆಚ್ಚು ಹಾನಿ ಮಾಡುತ್ತದೆ. ಹರಳುಪ್ಪು ಸಯನೈಡ್ ಮುಕ್ತ ಎಂದು ತಯಾರಕರೇ ಹೇಳಿದರೆ ಪುಡಿ ಉಪ್ಪಿನಲ್ಲಿ ಸಯನೈಡ್ ಇದೆ ಎಂದು ತಯಾರಕರೇ ಒಪ್ಪಿಕೊಂಡ ಹಾಗೆ ಆಗುತ್ತದೆ. ಮರುದಿನದಿಂದ ನಿಮ್ಮ ಆ ವಾಕ್ಯವೇ ವದಂತಿಗೆ ಸಾಕ್ಷಿಯಾಗಿ ತಿರುಗಾಡುತ್ತದೆ.

ಅಡಿಬರಹಕ್ಕೆ ಕೈ ಹಾಕುವ ಮೊದಲು ವದಂತಿಯಲ್ಲಿ ನಿಜವಾಗಿರುವ ಭಾಗ ಯಾವುದು ಎಂಬುದನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಈ ವದಂತಿ ಪೂರ್ತಿ ಗಾಳಿಮಾತಲ್ಲ. ಐಎನ್‌ಎಸ್ 536 ಎಂಬುದು ಪೊಟ್ಯಾಸಿಯಂ ಫೆರೊಸಯನೈಡ್‌ಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆ. ಅದರ ಅಣುವಿನಲ್ಲಿ ಸಯನೈಡ್ ಗುಂಪುಗಳು ನಿಜವಾಗಿಯೂ ಇವೆ, ಒಂದಲ್ಲ, ಆರು. ‘ನಮ್ಮ ಉಪ್ಪಿನಲ್ಲಿ ಸಯನೈಡ್‌ನ ಸುಳಿವೇ ಇಲ್ಲ’ ಎಂದು ನೀವು ಬರೆದರೆ, ಫೋನಿನಲ್ಲಿ ಅರ್ಧ ನಿಮಿಷ ಹುಡುಕಿದ ಯಾವ ಕಾಲೇಜು ಹುಡುಗನಾದರೂ ಅದನ್ನು ಸುಳ್ಳೆಂದು ತೋರಿಸಬಲ್ಲ. ಆ ಬಳಿಕ ನೀವು ಹೇಳುವ ಸರಿಯಾದ ಮಾತಿಗೂ ಬೆಲೆ ಇರುವುದಿಲ್ಲ. ಹೀಗಾಗಿ ಪದಾರ್ಥದ ಹೆಸರನ್ನು ನೀವೇ ಮೊದಲು ಹೇಳಬೇಕು, ಅದು ವಿಷದಂತೆ ವರ್ತಿಸದಿರುವುದಕ್ಕೆ ಕಾರಣವನ್ನೂ, ಅದು ಎಷ್ಟು ಇದೆ ಎಂಬ ಲೆಕ್ಕವನ್ನೂ ಅದರ ಬೆನ್ನಿಗೇ ಕೊಡಬೇಕು.

ಕಾರಣ ಹೀಗಿದೆ. ಕೊಲ್ಲುವ ವಿಷ ಎಂದು ನಾವು ಕೇಳಿರುವ ಪೊಟ್ಯಾಸಿಯಂ ಸಯನೈಡ್‌ನಲ್ಲಿ ಸಯನೈಡ್ ಅಯಾನು ಸ್ವತಂತ್ರವಾಗಿ ಬಿಡಿಬಿಡಿಯಾಗಿರುತ್ತದೆ. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಅದು ಹೈಡ್ರೊಜನ್ ಸಯನೈಡ್ ಆಗಿ ರಕ್ತಕ್ಕೆ ಸೇರಿ, ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ಮಾಡುತ್ತದೆ. ಫೆರೊಸಯನೈಡ್‌ನಲ್ಲಾದರೋ ಆರೂ ಸಯನೈಡ್ ಗುಂಪುಗಳು ನಡುವಿನ ಕಬ್ಬಿಣದ ಪರಮಾಣುವಿಗೆ ಅತ್ಯಂತ ಬಲವಾಗಿ ಬಂಧಿತವಾಗಿರುತ್ತವೆ. ಹೊಟ್ಟೆಯ ಆಮ್ಲಕ್ಕಾಗಲಿ, ಒಲೆಯ ಮೇಲೆ ಕುದಿಯುವ ಸಾರಿನ ಬಿಸಿಗಾಗಲಿ, ಕರಿಯುವ ಎಣ್ಣೆಯ ಕಾವಿಗಾಗಲಿ ಆ ಬಂಧ ಬಿಡುವುದಿಲ್ಲ. ಅದನ್ನು ಒಡೆಯಲು ಸುಮಾರು 400 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣ ಅಥವಾ ಪ್ರಯೋಗಾಲಯದಲ್ಲಿ ಪ್ರಬಲ ಆಮ್ಲದೊಡನೆ ಕುದಿಸುವಂಥ ಸ್ಥಿತಿ ಬೇಕು. ಕರಿಯುವ ಎಣ್ಣೆ ಸಾಮಾನ್ಯವಾಗಿ 180 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ದೇಹಕ್ಕೆ ಹೋದ ಫೆರೊಸಯನೈಡ್‌ನಲ್ಲಿ ಕರುಳು ಹೀರಿಕೊಳ್ಳುವುದು ಅಲ್ಪ ಭಾಗ, ಅದೂ ದೇಹದಲ್ಲಿ ಸಂಗ್ರಹವಾಗುತ್ತ ಹೋಗುವುದಿಲ್ಲ ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಮರುಪರಿಶೀಲನೆಯಲ್ಲಿ ಹೇಳಿದೆ. ‘ನಿಧಾನ ವಿಷ’ ಎಂಬ ಮಾತಿಗೆ ನೇರ ಉತ್ತರ ಇದೇ. ನಿತ್ಯ ಒಂದಿಷ್ಟು ಸೇರಿ ವರ್ಷಗಳಲ್ಲಿ ಕೊಲ್ಲುತ್ತದೆ ಎಂಬ ಭಯ ನಿಂತಿರುವುದು ಶೇಖರಣೆಯ ಕಲ್ಪನೆಯ ಮೇಲೆ, ಇಲ್ಲಿ ಆ ಶೇಖರಣೆಯೇ ಆಗುವುದಿಲ್ಲ.

ಇದನ್ನು ಉಪ್ಪಿಗೆ ಹಾಕುವುದೇಕೆ ಎಂಬುದು ನಿಮಗೆ ಗೊತ್ತು, ನಿಮ್ಮ ಗ್ರಾಹಕರಿಗೆ ಗೊತ್ತಿರಲಾರದು. ಗಾಳಿಯ ತೇವಾಂಶ ಶೇ 75 ದಾಟಿತೆಂದರೆ ಉಪ್ಪು ನೀರು ಎಳೆದುಕೊಳ್ಳುತ್ತದೆ. ಹರಳಿನ ಮೈ ಕರಗಿ, ಮತ್ತೆ ಒಣಗುವಾಗ ಪಕ್ಕದ ಹರಳಿನೊಡನೆ ಬೆಸೆದುಕೊಂಡು ಗಡ್ಡೆ ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಯಾವ ಅಡುಗೆಮನೆಯಲ್ಲಾದರೂ ಉಪ್ಪಿನ ಭರಣಿಯ ಮುಚ್ಚಳ ತೆಗೆದರೆ ಇದು ಕಣ್ಣಿಗೆ ಬೀಳುತ್ತದೆ. ಕೆಲವೇ ಮಿಲಿಗ್ರಾಂ ಫೆರೊಸಯನೈಡ್ ಹರಳಿನ ಮೇಲ್ಮೈಯಲ್ಲಿ ಕುಳಿತು ಈ ಬೆಸುಗೆಯನ್ನು ತಡೆಯುತ್ತದೆ. ದೊಡ್ಡ ಹರಳಿಗೆ ಇದರ ಅಗತ್ಯ ಕಡಿಮೆ. ನುಣ್ಣಗಿನ ಪುಡಿಗೆ ಮೇಲ್ಮೈ ಹೆಚ್ಚು, ಹಾಗಾಗಿ ಅಗತ್ಯವೂ ಹೆಚ್ಚು. ನಿಮ್ಮ ಎರಡು ಪ್ಯಾಕೆಟ್‌ಗಳ ನಡುವಿನ ವ್ಯತ್ಯಾಸ ಇಷ್ಟೇ. ಅಡಿಬರಹದಲ್ಲಿ ಇದಕ್ಕೆ ಒಂದು ವಾಕ್ಯ ಸಾಕು, ಆದರೆ ಆ ಒಂದು ವಾಕ್ಯ ಇರಲೇಬೇಕು. ‘ಹಾಗಾದರೆ ಹಾಕುವುದಾದರೂ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಓದುಗರ ಅನುಮಾನ ಅಲ್ಲಿಯೇ ನಿಲ್ಲುತ್ತದೆ.

ಈಗ ಪ್ರಮಾಣದ ಲೆಕ್ಕ. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಒಂದು ಕಿಲೊ ಉಪ್ಪಿನಲ್ಲಿ ಗರಿಷ್ಠ 10 ಮಿಲಿಗ್ರಾಂ ಫೆರೊಸಯನೈಡ್ ಇರಲು ಅನುಮತಿಸಿದೆ. ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ 14 ಎನ್ನುತ್ತದೆ, ಐರೋಪ್ಯ ಒಕ್ಕೂಟ 20 ಎನ್ನುತ್ತದೆ. ಈ ಅಂಕಿಗಳನ್ನು ಬೇರೆ ಬೇರೆ ಲವಣದ ರೂಪದಲ್ಲಿ ಲೆಕ್ಕ ಹಾಕಿರುವುದರಿಂದ ಮೂರನ್ನೂ ಅಡಿಬರಹದಲ್ಲಿ ಸಾಲಾಗಿ ಜೋಡಿಸಿ ‘ನಮ್ಮ ದೇಶದ್ದೇ ಎಲ್ಲಕ್ಕಿಂತ ಕಠಿಣ’ ಎಂದು ಬೀಗುವುದು ಬೇಡ. ನಿಮ್ಮ ಗ್ರಾಹಕರಿಗೆ ಬೇಕಾದದ್ದು ತಮ್ಮ ತಟ್ಟೆಯ ಲೆಕ್ಕ. ಒಬ್ಬರು ದಿನಕ್ಕೆ 10 ಗ್ರಾಂ ಉಪ್ಪು ತಿಂದರು ಎಂದುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆ 5 ಗ್ರಾಂಗಿಂತ ಕಡಿಮೆ ತಿನ್ನಿ ಎನ್ನುತ್ತದೆ. ನಾನು ದುಪ್ಪಟ್ಟು ತೆಗೆದುಕೊಂಡಿರುವುದು ಲೆಕ್ಕ ನಮ್ಮ ಪರವಾಗಿ ವಾಲದಿರಲಿ ಎಂದು. ಉಪ್ಪಿನಲ್ಲಿ ಕಾನೂನು ಒಪ್ಪುವ ಗರಿಷ್ಠ ಪ್ರಮಾಣವೇ ಇದೆ ಎಂದೂ ಇಟ್ಟುಕೊಳ್ಳಿ. ಕಿಲೊಗೆ 10 ಮಿಲಿಗ್ರಾಂ ಎಂದರೆ 10 ಗ್ರಾಂಗೆ 0.1 ಮಿಲಿಗ್ರಾಂ. ಇನ್ನೊಂದು ಕಡೆ, ಜೀವಮಾನವಿಡೀ ಪ್ರತಿದಿನ ಸೇವಿಸಿದರೂ ಹಾನಿಯಿಲ್ಲ ಎಂದು ಐರೋಪ್ಯ ಪ್ರಾಧಿಕಾರ ಗುರುತಿಸಿದ ಮಟ್ಟ ದೇಹದ ತೂಕದ ಪ್ರತಿ ಕಿಲೊಗೆ 0.03 ಮಿಲಿಗ್ರಾಂ. 60 ಕಿಲೊ ತೂಕದವರಿಗೆ ಅದು 1.8 ಮಿಲಿಗ್ರಾಂ ಆಗುತ್ತದೆ. 1.8ರ ಮುಂದೆ 0.1 ಎಂದರೆ ಹದಿನೆಂಟನೇ ಒಂದು ಭಾಗ. ಆ ಮಟ್ಟ ಮುಟ್ಟಲು ದಿನಕ್ಕೆ 180 ಗ್ರಾಂ ಉಪ್ಪು ತಿನ್ನಬೇಕಾಗುತ್ತದೆ, ಅಷ್ಟು ತಿಂದವರಿಗೆ ಫೆರೊಸಯನೈಡ್‌ಗಿಂತ ಬಹಳ ಮೊದಲು ಉಪ್ಪೇ ಪ್ರಾಣಾಪಾಯ ತರುತ್ತದೆ.

ಆ 0.03 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನೂ ನೀವು ತಿಳಿದಿರಬೇಕು, ಏಕೆಂದರೆ ಪ್ರತಿಕ್ರಿಯೆಗಳಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲಿಗಳಿಗೆ ಎರಡು ವರ್ಷ ಸೋಡಿಯಂ ಫೆರೊಸಯನೈಡ್ ತಿನ್ನಿಸಿ ನಡೆಸಿದ ಅಧ್ಯಯನದಲ್ಲಿ, ಮೂತ್ರಪಿಂಡದ ಮೇಲೆ ಯಾವ ಪರಿಣಾಮವೂ ಕಾಣದ ಅತಿ ಹೆಚ್ಚಿನ ಪ್ರಮಾಣವನ್ನು ಮೊದಲು ಗುರುತಿಸಿದರು. ಅದನ್ನು ನೂರರಿಂದ ಭಾಗಿಸಿ ಮನುಷ್ಯರಿಗೆ ಈ ಮಟ್ಟವನ್ನು ಇಟ್ಟರು. ನೂರರಿಂದ ಭಾಗಿಸುವುದು ಪ್ರಾಣಿ ಮತ್ತು ಮನುಷ್ಯರ ನಡುವಿನ ವ್ಯತ್ಯಾಸಕ್ಕೂ, ಮನುಷ್ಯರಲ್ಲೇ ಮಗು, ವೃದ್ಧರು, ರೋಗಿಗಳು ಎಂಬ ವ್ಯತ್ಯಾಸಕ್ಕೂ ಅವಕಾಶ ಬಿಡುವ ರೂಢಿ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸುರಕ್ಷತೆಯ ಮಿತಿಯನ್ನು ನಿರ್ಧರಿಸಿದ್ದು ಮೂತ್ರಪಿಂಡದ ಮೇಲಿನ ಪರಿಣಾಮ, ಸಯನೈಡ್ ವಿಷಬಾಧೆಯಲ್ಲ. ಅಷ್ಟು ದೊಡ್ಡ ಪ್ರಮಾಣ ಕೊಟ್ಟಾಗಲೂ ಮೊದಲು ಕಾಣಿಸುವ ಲಕ್ಷಣ ಉಸಿರು ಕಟ್ಟುವ ಸಯನೈಡ್ ವಿಷದ್ದಲ್ಲ ಎಂಬುದೇ ಈ ಪದಾರ್ಥ ಬೇರೆ ಬಗೆಯದು ಎಂಬುದಕ್ಕೆ ಒಳ್ಳೆಯ ಪುರಾವೆ.

ಈ ವದಂತಿ ಹೊಸದೂ ಅಲ್ಲ. 2019ರಲ್ಲಿ ಇದೇ ಆರೋಪ ದೇಶಮಟ್ಟದಲ್ಲಿ ಸುದ್ದಿಯಾಗಿತ್ತು. ಹೊರದೇಶದ ಪ್ರಯೋಗಾಲಯದ ವರದಿ ಎಂದು ಆಗ ಮುಂದಿಟ್ಟ ಅಂಕಿಗಳೇ ಕಿಲೊಗೆ 10 ಮಿಲಿಗ್ರಾಂನ ಮಿತಿಗಿಂತ ಕೆಳಗಿದ್ದವು. ಎಫ್‌ಎಸ್‌ಎಸ್‌ಎಐ ಆಗಲೇ ಸ್ಪಷ್ಟೀಕರಣ ಕೊಟ್ಟಿತ್ತು. ಆದರೂ ಚಿತ್ರ ಮತ್ತೆ ಮತ್ತೆ ಬರುತ್ತದೆ, ಮುಂದೆಯೂ ಬರುತ್ತದೆ. ಆದ್ದರಿಂದ ನಿಮ್ಮ ಅಡಿಬರಹದಲ್ಲಿ ದಿನಾಂಕ ಇರಬೇಕು ಮತ್ತು ಅದು ಇನ್ನೆರಡು ವರ್ಷ ಬಿಟ್ಟು ಓದಿದರೂ ಅರ್ಥವಾಗುವಂತಿರಬೇಕು. ‘ನಿನ್ನೆಯಿಂದ ಹರಿದಾಡುತ್ತಿರುವ’ ಎಂಬಂಥ ಮಾತುಗಳನ್ನು ಬಿಟ್ಟುಬಿಡಿ.

ಇನ್ನು ನಿಮ್ಮ ಪುರಾವೆಯ ವಿಷಯ. ಇಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳಬೇಕು: ಕಳೆದ ವರ್ಷದ ವರದಿಯಿಂದ ಈ ಕೆಲಸ ಆಗುವುದಿಲ್ಲ. ಪ್ರಯೋಗಾಲಯದ ಯಾವ ವರದಿಯನ್ನು ತೆಗೆದು ನೋಡಿದರೂ ಕೆಳಭಾಗದಲ್ಲಿ ‘ಈ ಫಲಿತಾಂಶ ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯ’ ಎಂಬ ಅರ್ಥದ ಸಾಲು ಇರುತ್ತದೆ. ಇಂದು ಅಂಗಡಿಯಲ್ಲಿರುವ ಪ್ಯಾಕೆಟ್‌ನ ಬ್ಯಾಚ್ ಸಂಖ್ಯೆ ಒಂದು, ವರದಿಯ ಮೇಲಿನ ಸಂಖ್ಯೆ ಇನ್ನೊಂದು ಎಂದು ಒಬ್ಬ ಗ್ರಾಹಕ ಕಂಡುಹಿಡಿದರೆ ಸಾಕು, ಮುಚ್ಚಿಡಲು ಹಳೆಯ ಕಾಗದ ತೋರಿಸಿದರು ಎಂಬ ಹೊಸ ಮಾತು ಹುಟ್ಟುತ್ತದೆ. ಮೇಲಾಗಿ, ತಯಾರಕರು ಕನಿಷ್ಠ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕೆಂಬುದು ನಿಮ್ಮ ಪರವಾನಗಿಯ ಷರತ್ತುಗಳಲ್ಲೇ ಇದೆ. ಹಳೆಯ ವರದಿ ಪ್ರಕಟಿಸಿದರೆ ಆ ಲೋಪವನ್ನೂ ನೀವೇ ಪ್ರಕಟಿಸಿದಂತೆ. ಅಂಗಡಿಗಳಲ್ಲಿ ಈಗ ಮಾರಾಟದಲ್ಲಿರುವ ಬ್ಯಾಚ್‌ನಿಂದಲೇ ಮುಚ್ಚಿದ ಪ್ಯಾಕೆಟ್‌ಗಳನ್ನು ತೆಗೆದು, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆಯ ಜೊತೆಗೆ ಎಫ್‌ಎಸ್‌ಎಸ್‌ಎಐ ಅಧಿಸೂಚಿತವೂ ಆದ ಪ್ರಯೋಗಾಲಯಕ್ಕೆ ಕಳಿಸಿ. ಫೆರೊಸಯನೈಡ್ ಪರೀಕ್ಷೆ ಆ ಪ್ರಯೋಗಾಲಯದ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮಾದರಿ ಕಳಿಸುವಾಗ ಬರೆಯುವ ಕೋರಿಕೆಯಲ್ಲಿಯೇ ದೊಡ್ಡ ಎಡವಟ್ಟು ಆಗಬಹುದು. ‘ಸಯನೈಡ್ ಪರೀಕ್ಷೆ ಮಾಡಿಕೊಡಿ’ ಎಂದಷ್ಟೇ ಬರೆದರೆ ಕೆಲವೆಡೆ ‘ಒಟ್ಟು ಸಯನೈಡ್’ ಅಳೆದು ಕೊಡುತ್ತಾರೆ. ಆ ವಿಧಾನದಲ್ಲಿ ಮಾದರಿಯನ್ನು ಪ್ರಬಲ ಆಮ್ಲದೊಂದಿಗೆ ಕುದಿಸಿ, ಕಬ್ಬಿಣದೊಡನೆ ಬಂಧಿತವಾದ ಸಯನೈಡನ್ನೂ ಬಲವಂತವಾಗಿ ಬಿಡಿಸಿ ಅಳೆಯುತ್ತಾರೆ. ಹೊಟ್ಟೆಯಲ್ಲಿ ಎಂದೂ ನಡೆಯದ ಕ್ರಿಯೆಯ ಫಲಿತಾಂಶ ವರದಿಯಲ್ಲಿ ‘ಸಯನೈಡ್: ಇಂತಿಷ್ಟು’ ಎಂದು ಅಚ್ಚಾಗಿ ಬರುತ್ತದೆ. ನಿಮ್ಮ ಉಪ್ಪು ಸರಿಯಾಗಿಯೇ ಇದ್ದರೂ ಆ ಒಂದು ಸಾಲಿನ ಚಿತ್ರ ತೆಗೆದವರಿಗೆ ಮತ್ತೇನೂ ಬೇಕಾಗುವುದಿಲ್ಲ. ‘ಫೆರೊಸಯನೈಡ್ ಪ್ರಮಾಣ, ಕಿಲೊಗೆ ಮಿಲಿಗ್ರಾಂನಲ್ಲಿ’ ಎಂದು ಒಂದು ಕೋರಿಕೆ, ‘ಸ್ವತಂತ್ರ ಸಯನೈಡ್’ ಎಂದು ಇನ್ನೊಂದು ಕೋರಿಕೆ, ಹೀಗೆ ಪ್ರತ್ಯೇಕವಾಗಿ ಬರೆದು ಕೊಡಿ. ವದಂತಿ ಹೇಳುತ್ತಿರುವುದು ಎರಡನೆಯದರ ಬಗ್ಗೆ, ಪ್ಯಾಕೆಟ್‌ನಲ್ಲಿ ಇರುವುದು ಮೊದಲನೆಯದು. ಎರಡೂ ಒಂದೇ ವರದಿಯಲ್ಲಿ ಅಕ್ಕಪಕ್ಕದ ಸಾಲುಗಳಲ್ಲಿ ಬಂದರೆ ನಿಮ್ಮ ಉತ್ತರದ ಅರ್ಧ ಭಾಗವನ್ನು ಆ ಕಾಗದವೇ ಹೇಳಿಬಿಡುತ್ತದೆ. ಸ್ವತಂತ್ರ ಸಯನೈಡ್‌ನ ಎದುರು ಸಾಮಾನ್ಯವಾಗಿ ‘ಸೊನ್ನೆ’ ಎಂದು ಬರುವುದಿಲ್ಲ, ‘ಇಷ್ಟಕ್ಕಿಂತ ಕಡಿಮೆ, ಪತ್ತೆಯಾಗಿಲ್ಲ’ ಎಂದು ಬರುತ್ತದೆ, ಏಕೆಂದರೆ ಯಾವ ಉಪಕರಣಕ್ಕೂ ಅಳೆಯಬಲ್ಲ ಕನಿಷ್ಠ ಮಟ್ಟವೊಂದಿರುತ್ತದೆ. ಅದನ್ನು ಹಾಗೆಯೇ ನಕಲು ಮಾಡಿ. ‘ಸೊನ್ನೆ’ ಎಂದು ತಿದ್ದಿ ಬರೆಯಬೇಡಿ.

ವರದಿ ಬರುವವರೆಗೆ ಸುಮ್ಮನಿರಲಾಗದು ಎಂಬುದು ನನಗೆ ಅರ್ಥವಾಗುತ್ತದೆ, ಮಾಲು ವಾಪಸ್ ಬರುತ್ತಿರುವಾಗ ಒಂದೊಂದು ದಿನವೂ ಭಾರ. ಆ ಅವಧಿಗೆ ಚಿಕ್ಕದೊಂದು ಅಡಿಬರಹ ಹಾಕಿ. ಅದರಲ್ಲಿ ನಿಮ್ಮ ಬ್ಯಾಚ್ ಬಗ್ಗೆ ಏನನ್ನೂ ಹೇಳಬೇಡಿ, ಏಕೆಂದರೆ ಹೇಳಲು ಇನ್ನೂ ಕೈಯಲ್ಲಿ ಏನೂ ಇಲ್ಲ.

“ನಮ್ಮ ಪುಡಿ ಉಪ್ಪಿನಲ್ಲಿರುವ ಐಎನ್‌ಎಸ್ 536, ಉಪ್ಪು ಗಡ್ಡೆ ಕಟ್ಟದಂತೆ ಬಳಸುವ, ಭಾರತದಲ್ಲಿ ಕಿಲೊಗೆ 10 ಮಿಲಿಗ್ರಾಂ ಮಿತಿಯೊಳಗೆ ಅನುಮತಿ ಇರುವ ಪದಾರ್ಥ. ಇದರ ಬಗ್ಗೆ ನೀವು ಕೇಳುತ್ತಿರುವ ಪ್ರಶ್ನೆಗಳಿಗೆ ಉತ್ತರಿಸಲು, ಈಗ ಅಂಗಡಿಯಲ್ಲಿರುವ ಬ್ಯಾಚ್ ಅನ್ನು ಇಂದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿದ್ದೇವೆ. ವರದಿ ಬಂದ ದಿನವೇ ಅದನ್ನು ಪೂರ್ತಿಯಾಗಿ ಇಲ್ಲಿ ಹಾಕುತ್ತೇವೆ.”

‘ಪೂರ್ತಿಯಾಗಿ’ ಎಂದು ಮಾತು ಕೊಟ್ಟ ಮೇಲೆ ಫಲಿತಾಂಶ ಏನೇ ಬಂದರೂ ಹಾಕಲೇಬೇಕು. ಒಂದು ವೇಳೆ ಪ್ರಮಾಣ 10ನ್ನು ಮೀರಿದ್ದರೆ, ಆ ಬ್ಯಾಚ್ ಅನ್ನು ಮಾರುಕಟ್ಟೆಯಿಂದ ಹಿಂಪಡೆದು ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ಆಗ ಬರೆಯಬೇಕಾದದ್ದು ಬೇರೆಯೇ ಅಡಿಬರಹ.

ಇನ್ನು ಫೋಟೊ. ವದಂತಿಯ ಚಿತ್ರವನ್ನೇ ತೆಗೆದು ಅದರ ಮೇಲೆ ‘ಸುಳ್ಳು’ ಎಂದು ಮೊಹರು ಹೊಡೆದು ಹಾಕುವುದು ಅನೇಕರ ರೂಢಿ. ನನ್ನ ಅಭಿಪ್ರಾಯದಲ್ಲಿ ಅದು ಬೇಡವೇ ಬೇಡ. ಬೆರಳಿನಿಂದ ಸರಸರನೆ ಸರಿಸಿಕೊಂಡು ಹೋಗುವವರ ಕಣ್ಣಿಗೆ ಕೆಂಪು ವೃತ್ತವೂ ‘ಸಯನೈಡ್’ ಎಂಬ ಅಕ್ಷರಗಳೂ ಬೀಳುತ್ತವೆ, ಮೊಹರು ಬೀಳುವುದಿಲ್ಲ. ಹಂಚಿಕೊಳ್ಳುವಾಗ ಯಾರಾದರೂ ಅಂಚು ಕತ್ತರಿಸಿದರೆ ಮೊಹರೂ ಉಳಿಯುವುದಿಲ್ಲ. ಅದರ ಬದಲು ಪ್ಯಾಕೆಟ್‌ನ ಹಿಂಬದಿ ಮತ್ತು ವರದಿಯ ಹಾಳೆಯನ್ನು ಒಂದೇ ಮೇಜಿನ ಮೇಲೆ ಇಟ್ಟು, ಹಗಲು ಬೆಳಕಿನಲ್ಲಿ, ಎರಡರ ಮೇಲೂ ಬ್ಯಾಚ್ ಸಂಖ್ಯೆ ಓದಲು ಬರುವಂತೆ ಚಿತ್ರ ತೆಗೆಯಿರಿ. ಪ್ಯಾಕೆಟ್‌ನ ಪ್ಲಾಸ್ಟಿಕ್ ಬೆಳಕಿಗೆ ಮಿನುಗಿ ಅಕ್ಷರ ಮರೆಯಾಗುವುದು ಸಾಮಾನ್ಯ. ಪ್ಯಾಕೆಟ್ ಅನ್ನು ಸ್ವಲ್ಪ ಓರೆಯಾಗಿಸಿ ನೋಡಿ. ಎರಡನೇ ಚಿತ್ರವಾಗಿ ವರದಿಯ ಪೂರ್ತಿ ಪುಟ ಇರಲಿ, ಮಾದರಿ ತಲುಪಿದ ದಿನಾಂಕ, ಪರೀಕ್ಷಾ ವಿಧಾನ, ಫಲಿತಾಂಶ, ಸಹಿ ಎಲ್ಲವೂ ಕಾಣುವಂತೆ. ಪರವಾನಗಿಯ 14 ಅಂಕಿಗಳನ್ನು ಪುರಾವೆಯೆಂದು ಮುಂದಿಡಬೇಡಿ. ಆ ಸಂಖ್ಯೆ ನಿಮ್ಮ ಘಟಕ ಪರವಾನಗಿ ಪಡೆದಿದೆ ಎಂದು ಹೇಳುತ್ತದೆ, ಈ ಬ್ಯಾಚ್ ಪರೀಕ್ಷೆಯಾಗಿದೆ ಎಂದು ಹೇಳುವುದಿಲ್ಲ.

ಪೂರ್ಣ ಅಡಿಬರಹದ ಕರಡು ಹೀಗಿರಬಹುದು. ಫೆರೊಸಯನೈಡ್ ಕಿಲೊಗೆ 4 ಮಿಲಿಗ್ರಾಂ ಎಂದು ವರದಿ ಬಂದಿದೆ ಎಂದುಕೊಂಡು ಬರೆದಿದ್ದೇನೆ. ನಿಮಗೆ ಬರುವ ಅಂಕಿಯನ್ನು ಹಾಕಿ ಲೆಕ್ಕವನ್ನು ತಿದ್ದಿಕೊಳ್ಳಿ.

“ಈ ಪ್ಯಾಕೆಟ್‌ನ ಉಪ್ಪಿನಲ್ಲಿ ಕಿಲೊಗೆ 4 ಮಿಲಿಗ್ರಾಂ ಫೆರೊಸಯನೈಡ್ (ಐಎನ್‌ಎಸ್ 536) ಇದೆ, ಕಾನೂನಿನ ಮಿತಿ 10. ಸ್ವತಂತ್ರ ಸಯನೈಡ್ ಪತ್ತೆಯಾಗಿಲ್ಲ. ವರದಿಯ ಪೂರ್ತಿ ಪುಟ ಎರಡನೇ ಚಿತ್ರದಲ್ಲಿದೆ, ಬ್ಯಾಚ್ ಸಂಖ್ಯೆಯನ್ನು ನಿಮ್ಮ ಮನೆಯ ಪ್ಯಾಕೆಟ್‌ನೊಂದಿಗೆ ಹೋಲಿಸಿ ನೋಡಬಹುದು.

ಮಳೆಗಾಲದ ತೇವಕ್ಕೆ ಪುಡಿ ಉಪ್ಪು ಗಡ್ಡೆ ಕಟ್ಟದಿರಲಿ ಎಂದು ಇದನ್ನು ಬಳಸುತ್ತಾರೆ. ಹೆಸರಿನಲ್ಲಿ ಸಯನೈಡ್ ಇರುವುದರಿಂದ ಇದು ವಿಷ ಎಂಬ ಸಂದೇಶ ಹರಡಿದೆ. ಇದರಲ್ಲಿ ಸಯನೈಡ್ ಕಬ್ಬಿಣದೊಂದಿಗೆ ಬಲವಾಗಿ ಬಂಧಿತವಾಗಿರುತ್ತದೆ. ಅಡುಗೆಯ ಬಿಸಿಯಾಗಲಿ ಹೊಟ್ಟೆಯ ಆಮ್ಲವಾಗಲಿ ಅದನ್ನು ಬಿಡಿಸುವುದಿಲ್ಲ, ಅದು ದೇಹದಲ್ಲಿ ಶೇಖರವಾಗುವುದೂ ಇಲ್ಲ.

ದಿನಕ್ಕೆ 10 ಗ್ರಾಂ ಉಪ್ಪು ತಿಂದರೂ ದೇಹಕ್ಕೆ ಹೋಗುವುದು 0.04 ಮಿಲಿಗ್ರಾಂ. 60 ಕಿಲೊ ತೂಕದವರು ಪ್ರತಿದಿನ 1.8 ಮಿಲಿಗ್ರಾಂವರೆಗೆ ಸೇವಿಸಿದರೂ ಹಾನಿಯಿಲ್ಲ ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ನಿರ್ಧರಿಸಿದೆ. ಉಪ್ಪನ್ನು ಮಾತ್ರ ದಿನಕ್ಕೆ 5 ಗ್ರಾಂ ಒಳಗೆ ಇಡುವುದು ಒಳ್ಳೆಯದು, ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಪ್ರಶ್ನೆಗಳಿದ್ದರೆ ಇಲ್ಲಿಯೇ ಕೇಳಿ. (ಪರೀಕ್ಷೆಯ ದಿನಾಂಕ, ಬ್ಯಾಚ್ ಸಂಖ್ಯೆ)”

ಇದರ ಮೊದಲ ವಾಕ್ಯದಲ್ಲಿ ವದಂತಿಯ ಪ್ರಸ್ತಾಪವೇ ಇಲ್ಲದಿರುವುದು ಉದ್ದೇಶಪೂರ್ವಕ. ಫೋನಿನಲ್ಲಿ ಅಡಿಬರಹದ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತವೆ, ಉಳಿದದ್ದನ್ನು ಓದಲು ಒತ್ತಬೇಕು. ‘ನಮ್ಮ ಉಪ್ಪಿನಲ್ಲಿ ಸಯನೈಡ್ ಇದೆ ಎಂಬ ಸುದ್ದಿ’ ಎಂದು ಆರಂಭಿಸಿದರೆ ಹೆಚ್ಚಿನವರು ಅಷ್ಟನ್ನೇ ಓದಿ ಮುಂದೆ ಹೋಗುತ್ತಾರೆ, ವದಂತಿಯನ್ನು ಕೇಳಿರದವರಿಗೂ ನೀವೇ ಅದನ್ನು ತಲುಪಿಸಿದಂತಾಗುತ್ತದೆ. ವದಂತಿಯ ಮಾತು ನಡುವೆ ಒಂದೇ ಒಂದು ಸಾರಿ ಬಂದು, ಅದಕ್ಕೆ ತಾಗಿಕೊಂಡೇ ಅದು ತಪ್ಪಾಗಿರುವ ಕಾರಣ ಬರುತ್ತದೆ. ಬರೀ ‘ಇದು ಸುಳ್ಳು’ ಎಂದರೆ ಓದುಗರ ಮನಸ್ಸಿನಲ್ಲಿ ಒಂದು ತೆರವು ಉಳಿಯುತ್ತದೆ. ಪದಾರ್ಥದ ಹೆಸರಿನಲ್ಲಿ ಆ ಪದ ಇರುವುದೇಕೆ, ಆದರೂ ಅದು ಕೊಲ್ಲದಿರುವುದೇಕೆ ಎಂಬ ವಿವರಣೆ ಆ ತೆರವನ್ನು ತುಂಬಬೇಕು.

ಯಾರು ಹರಡಿದರು, ಯಾವ ಪ್ರತಿಸ್ಪರ್ಧಿಯ ಕೈವಾಡ ಇರಬಹುದು, ಎಷ್ಟು ನಷ್ಟವಾಯಿತು, ಕಾನೂನು ಕ್ರಮ ಜರುಗಿಸುತ್ತೇವೆ ಎಂಬ ಯಾವ ಮಾತೂ ಕರಡಿನಲ್ಲಿ ಇಲ್ಲದಿರುವುದನ್ನು ನೀವು ಗಮನಿಸಿರಬಹುದು. ಸಂದೇಶವನ್ನು ಮುಂದಕ್ಕೆ ಕಳಿಸಿದವರಲ್ಲಿ ಹೆಚ್ಚಿನವರು ಮನೆಯವರ ಆರೋಗ್ಯದ ಕಾಳಜಿಯಿಂದ ಕಳಿಸಿದ ನಿಮ್ಮದೇ ಗ್ರಾಹಕರು. ಅವರನ್ನು ಮೂರ್ಖರೆಂದೋ ಅಪರಾಧಿಗಳೆಂದೋ ಕರೆದರೆ ಅವರು ತಮ್ಮ ಮಾತನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ, ನಿಮ್ಮ ಅಂಕಿಗಳನ್ನು ಓದುವುದಿಲ್ಲ. ಮೊದಲು ಹರಿಬಿಟ್ಟವರ ಮೇಲೆ ದೂರು ಕೊಡಬೇಕಿದ್ದರೆ ಕೊಡಿ, ಅದಕ್ಕೆ ಠಾಣೆಯೂ ವಕೀಲರೂ ಇದ್ದಾರೆ, ಅಡಿಬರಹದಲ್ಲಿ ಅದಕ್ಕೆ ಜಾಗವಿಲ್ಲ.

ಸಂಖ್ಯೆಗಳನ್ನು ಸರಳಗೊಳಿಸುವ ಭರದಲ್ಲಿ ಏಕಮಾನ ತಪ್ಪುವುದು ಇಂಥ ಬರಹಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ. ಮಿಲಿಗ್ರಾಂ ಬದಲು ಗ್ರಾಂ ಎಂದು ಬಿದ್ದರೆ ನೀವೇ ಸಾವಿರ ಪಟ್ಟು ವಿಷ ಒಪ್ಪಿಕೊಂಡಂತೆ; ‘ಕಿಲೊಗೆ’ ಎಂಬ ಮಾತು ಬಿಟ್ಟುಹೋದರೆ 4 ಎಂಬುದು ಯಾವುದರ 4 ಎಂದು ತಿಳಿಯುವುದಿಲ್ಲ. ಪ್ರಕಟಿಸುವ ಮೊದಲು ವರದಿಯನ್ನು ಎದುರಿಗಿಟ್ಟುಕೊಂಡು ಇನ್ನೊಬ್ಬರಿಂದ ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಓದಿಸಿ ತಾಳೆ ನೋಡಿ.

‘ಶೇ 100ರಷ್ಟು ಸುರಕ್ಷಿತ’ ಎಂಬುದನ್ನು ಬಿಡಲು ಇನ್ನೂ ಒಂದು ಕಾರಣವಿದೆ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ 2018ರಲ್ಲಿ ಬಂದ ನಿಯಮಗಳ ಪ್ರಕಾರ ಉತ್ಪನ್ನದ ಬಗೆಗಿನ ಹೇಳಿಕೆ ಸತ್ಯವಾಗಿರಬೇಕು, ದಾರಿ ತಪ್ಪಿಸಬಾರದು, ಬೇರೆ ತಯಾರಕರ ಉತ್ಪನ್ನವನ್ನು ಹೀಗಳೆಯಬಾರದು. ನಿಮ್ಮ ಪುಟದ ಅಡಿಬರಹವೂ ಜಾಹೀರಾತೇ. ಒಂದು ಬ್ಯಾಚ್‌ನ ಎರಡು ಪರೀಕ್ಷೆಗಳನ್ನು ಹಿಡಿದುಕೊಂಡು ಎಲ್ಲ ಉಪ್ಪಿನ ಎಲ್ಲ ಬಗೆಯ ಸುರಕ್ಷತೆಗೆ ಖಾತರಿ ಕೊಡುವುದು ಪುರಾವೆಯನ್ನು ಮೀರಿದ ಮಾತು. ‘ಸಯನೈಡ್ ಮುಕ್ತ ಹರಳುಪ್ಪು’ ಎಂಬುದು ಅನುಮತಿಯೊಳಗೇ ಐಎನ್‌ಎಸ್ 536 ಬಳಸುವ ಉಳಿದೆಲ್ಲರನ್ನೂ ಹೀಗಳೆಯುತ್ತದೆ, ನಿಮ್ಮದೇ ಪುಡಿ ಉಪ್ಪನ್ನೂ ಸೇರಿಸಿ.

ಹರಳುಪ್ಪಿನ ವಿಷಯದಲ್ಲಿ ನನಗೆ ಇನ್ನೊಂದು ಆತಂಕವೂ ಇದೆ. ಈ ವದಂತಿಯನ್ನು ನಂಬಿದವರು ಉಪ್ಪು ಬಿಡುವುದಿಲ್ಲ, ‘ನೈಸರ್ಗಿಕ’ ಎಂಬ ಹೆಸರಿನಲ್ಲಿ ಸಿಗುವ ಅಯೋಡಿನ್ ಇಲ್ಲದ ಉಪ್ಪಿಗೆ ಹೋಗುತ್ತಾರೆ. ನೇರ ಬಳಕೆಗೆ ಅಯೋಡಿನ್ ಇಲ್ಲದ ಉಪ್ಪನ್ನು ಮಾರುವುದನ್ನು 2006ರಿಂದ ದೇಶದಾದ್ಯಂತ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತದೆ, ಗರ್ಭಿಣಿಯಲ್ಲಿ ಕೊರತೆಯಾದರೆ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ. ಇಲ್ಲದ ವಿಷಕ್ಕೆ ಹೆದರಿ ನಿಜವಾದ ಕೊರತೆಯನ್ನು ಮನೆಗೆ ತಂದುಕೊಳ್ಳುವಂತಾಗಬಾರದು. ಆದರೆ ಇದನ್ನು ಮುಖ್ಯ ಅಡಿಬರಹಕ್ಕೆ ಸೇರಿಸಬೇಡಿ. ಸುರಕ್ಷತೆಯ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಭಯ ತೋರಿಸಿದಂತೆ ಕಾಣುತ್ತದೆ. ಯಾರಾದರೂ ‘ನಾವು ಅಯೋಡಿನ್ ಇಲ್ಲದ ಉಪ್ಪಿಗೆ ಬದಲಾದೆವು’ ಎಂದು ಬರೆದಾಗ ಅವರಿಗೆ ಮಾತ್ರ ಸೌಮ್ಯವಾಗಿ ತಿಳಿಸಿ.

ಪ್ರತಿಕ್ರಿಯೆಗಳಲ್ಲಿ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಗೊತ್ತಿರುವವೇ. ‘ಮಗುವಿಗೆ?’ ಎಂದು ಕೇಳಿದರೆ ಲೆಕ್ಕವನ್ನೇ ಕೊಡಿ: 15 ಕಿಲೊ ತೂಕದ ಮಗುವಿಗೆ ಆ ಮಟ್ಟ ದಿನಕ್ಕೆ 0.45 ಮಿಲಿಗ್ರಾಂ, ಮಗು 3 ಗ್ರಾಂ ಉಪ್ಪು ತಿಂದರೆ ನಿಮ್ಮ ಉಪ್ಪಿನಿಂದ ಹೋಗುವುದು 0.012 ಮಿಲಿಗ್ರಾಂ. ‘ಡಾಕ್ಟರ್ ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ’ ಎಂದವರಿಗೆ ಡಾಕ್ಟರ ಮಾತನ್ನೇ ಪಾಲಿಸಲು ಹೇಳಿ. ನಿಮ್ಮ ವರದಿ ಐಎನ್‌ಎಸ್ 536ರ ಬಗ್ಗೆ ಮಾತ್ರ ಮಾತಾಡುತ್ತದೆ, ರಕ್ತದೊತ್ತಡದ ಬಗ್ಗೆ ಅಲ್ಲ. ಅದೇ ಪ್ರಶ್ನೆ ಇಪ್ಪತ್ತು ಸಲ ಬಂದರೂ ಒಂದೇ ಉತ್ತರವನ್ನು ಅಂಟಿಸುತ್ತ ಹೋಗದೆ, ಒಳ್ಳೆಯದೊಂದು ಉತ್ತರವನ್ನು ಪ್ರತಿಕ್ರಿಯೆಗಳ ತುದಿಯಲ್ಲಿ ಪಿನ್ ಮಾಡಿ ಉಳಿದವರಿಗೆ ಅದನ್ನು ತೋರಿಸಿ. ಕಟುವಾದ ಪ್ರತಿಕ್ರಿಯೆಗಳನ್ನು ಅಳಿಸಬೇಡಿ. ಬೈಗುಳವನ್ನು ಮಾತ್ರ ತೆಗೆಯಿರಿ.

ಅಂಗಡಿಯವರಿಗೆ ಅಡಿಬರಹದ ಕೊಂಡಿ ಕಳಿಸಿದರೆ ಸಾಲದು. ಗ್ರಾಹಕರು ಪ್ಯಾಕೆಟ್ ತಿರುಗಿಸಿ ಪ್ರಶ್ನೆ ಕೇಳುವುದು ಅವರ ಗಲ್ಲಾದ ಮುಂದೆ ನಿಂತು. ವರದಿಯ ಪುಟವನ್ನೂ ಅಡಿಬರಹದ ಮೊದಲ ಎರಡು ಭಾಗಗಳನ್ನೂ ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಆ ಬ್ಯಾಚ್‌ನ ಮಾಲಿನ ಜೊತೆಗೇ ತಲುಪಿಸಿ. ಬ್ಯಾಚ್ ಬದಲಾದಾಗ ಹಾಳೆಯೂ ಬದಲಾಗಬೇಕು ಎಂದು ನಿಮ್ಮ ಮಾಲು ಸಾಗಿಸುವವರಿಗೆ ತಿಳಿಸಿಡಿ.

‘ಹಾಗಾದರೆ ನಿಮ್ಮ ಹರಳುಪ್ಪಿನಲ್ಲಿ ಅದು ಇಲ್ಲವಲ್ಲ, ಅದನ್ನೇ ತೆಗೆದುಕೊಳ್ಳಲೇ?’ ಎಂದು ಯಾರಾದರೂ ಕೇಳಿದರೆ ಹೀಗೆ ಉತ್ತರಿಸಿ: “ಹರಳು ದೊಡ್ಡದಾದ್ದರಿಂದ ಅದು ಬೇಗ ಗಡ್ಡೆ ಕಟ್ಟುವುದಿಲ್ಲ, ಹಾಗಾಗಿ ಅದಕ್ಕೆ ಐಎನ್‌ಎಸ್ 536 ಹಾಕುವುದಿಲ್ಲ. ಅಯೋಡಿನ್ ಎರಡರಲ್ಲೂ ಇದೆ. ನಿಮ್ಮ ಅಡುಗೆಗೆ ಯಾವುದು ಅನುಕೂಲವೋ ಅದನ್ನು ಕೊಳ್ಳಿ.”